ತಂಬಾಕು ಮಾರಾಟದ ಸಂಪೂರ್ಣ ನಿಷೇಧಕ್ಕೆ ವಿರೋಧ: ಐದು ನಿಮಿಷದ ಭಾಷಣ ಕಟ್ಟಿದ ಬಗೆ

ಚರ್ಚಾಸ್ಪರ್ಧೆಯಲ್ಲಿ ಈ ವಿಷಯಕ್ಕೆ ವಿರೋಧದ ಚೀಟಿ ಬಂದವರು ವೇದಿಕೆ ಹತ್ತುವಷ್ಟರಲ್ಲೇ ಅರ್ಧ ಸೋತಿರುತ್ತಾರೆ. ಸಭೆಯ ಕಣ್ಣಿಗೆ ಅವರು ತಂಬಾಕಿನ ವಕೀಲರು. ಆ ಅನುಮಾನ ಮೊದಲ ಅರ್ಧ ನಿಮಿಷದಲ್ಲಿ ಹೋಗದಿದ್ದರೆ ಮುಂದಿನ ನಾಲ್ಕೂವರೆ ನಿಮಿಷ ಯಾರೂ ಕಿವಿಗೊಡುವುದಿಲ್ಲ. ಆದ್ದರಿಂದ ನಾನು ಬರೆಯಲು ಕೂತಾಗ ಮೊದಲು ವಿಷಯದ ವಾಕ್ಯವನ್ನೇ ಬಿಡಿಸಿ ನೋಡುತ್ತೇನೆ.

"ತಂಬಾಕು ಮಾರಾಟವನ್ನು ಸಂಪೂರ್ಣವಾಗಿ ನಿಷೇಧಿಸಬೇಕು." ಇಲ್ಲಿ ನಿಷೇಧ ಬೀಳುವುದು ಮಾರಾಟದ ಮೇಲೆ. ಸೇವನೆಯ ಮಾತಿಲ್ಲ, ಬೆಳೆಯುವ ಮಾತೂ ಇಲ್ಲ. "ಸಂಪೂರ್ಣ" ಎಂದಮೇಲೆ ವಯಸ್ಕರಿಗೂ, ಪರವಾನಗಿ ಇದ್ದ ಅಂಗಡಿಯಲ್ಲೂ ಮಾರುವಂತಿಲ್ಲ. ಇಷ್ಟು ಗೊತ್ತಾದರೆ ಚರ್ಚೆಯ ಹೊರೆ ಎಲ್ಲಿದೆ ಎಂಬುದೂ ಗೊತ್ತಾಗುತ್ತದೆ. ತಂಬಾಕು ಕೆಟ್ಟದ್ದು ಎಂದು ತೋರಿಸಿದರೆ ಪರ ಪಕ್ಷದ ಕೆಲಸ ಮುಗಿಯುವುದಿಲ್ಲ. ಬಿಗಿಯಾದ ನಿಯಂತ್ರಣಕ್ಕಿಂತ ನಿಷೇಧ ಹೆಚ್ಚು ಜೀವ ಉಳಿಸುತ್ತದೆ ಎಂದು ಅವರು ತೋರಿಸಬೇಕು. ಈ ಒಂದು ಮಾತನ್ನು ಭಾಷಣದ ಆರಂಭದಲ್ಲೇ ಹೇಳಿಬಿಡಬೇಕು. ಕೊನೆಯಲ್ಲಿ ಹೇಳಿದರೆ ನುಣುಚಿಕೊಂಡಂತೆ ಕೇಳಿಸುತ್ತದೆ.

ನನ್ನ ಆರಂಭ ಹೀಗಿರುತ್ತದೆ:

"ಅಧ್ಯಕ್ಷರೇ, ತೀರ್ಪುಗಾರರೇ, ತಂಬಾಕು ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ. ಬಿಡದೆ ಸೇದುವವರಲ್ಲಿ ಅರ್ಧದಷ್ಟು ಜನರವರೆಗೆ ಅದಕ್ಕೇ ಬಲಿಯಾಗುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದರಲ್ಲಿ ಒಂದಂಕಿಯನ್ನೂ ನಾನು ಅಲ್ಲಗಳೆಯುವುದಿಲ್ಲ. ನನ್ನ ಎದುರಾಳಿಗಳೂ ನಾನೂ ಒಂದೇ ಊರಿಗೆ ಹೊರಟವರು. ಜಗಳವಿರುವುದು ದಾರಿಯ ಬಗ್ಗೆ. ಅಂಗಡಿಯ ಕಟ್ಟೆಯ ಮೇಲೆ ತಂಬಾಕು ಇರುವವರೆಗೆ ಅದರ ಬೆಲೆ, ಅದರ ಪೊಟ್ಟಣ, ಕೊಳ್ಳುವವನ ವಯಸ್ಸು, ಈ ಮೂರೂ ಸರ್ಕಾರದ ಕೈಯಲ್ಲಿರುತ್ತವೆ. ಕಟ್ಟೆಯಿಂದ ಅದನ್ನು ಓಡಿಸಿದ ದಿನ ಮೂರೂ ಕೈಬಿಟ್ಟು ಹೋಗುತ್ತವೆ."

ಇಡೀ ಭಾಷಣದ ವಾದ ಈ ಕೊನೆಯ ಎರಡು ವಾಕ್ಯ. ಉಳಿದದ್ದೆಲ್ಲ ಇದಕ್ಕೆ ಸಾಕ್ಷಿ. ಎರಡನೆಯ ವಾದವೊಂದನ್ನು ಸೇರಿಸುವ ಆಸೆ ಎಲ್ಲರಿಗೂ ಆಗುತ್ತದೆ, ಆದರೆ ಐದು ನಿಮಿಷಕ್ಕೆ ಕನ್ನಡದಲ್ಲಿ ಉಸಿರುಗಟ್ಟದೆ ಹೇಳಬಹುದಾದ್ದು 450ರಿಂದ 500 ಪದ. ಅಷ್ಟರಲ್ಲಿ ಒಂದು ವಾದ, ಎರಡು ದೇಶ, ಒಂದು ಪರ್ಯಾಯ ಹಿಡಿಸುತ್ತವೆ.

ಮೊದಲ ದೇಶ ಭೂತಾನ್. 2004ರಲ್ಲಿ ಅದು ದೇಶದಾದ್ಯಂತ ತಂಬಾಕು ಮಾರಾಟವನ್ನು ನಿಷೇಧಿಸಿತು. ಸ್ವಂತ ಬಳಕೆಗೆ ಮಿತಿಯೊಳಗೆ, ತೆರಿಗೆ ಕಟ್ಟಿ ಹೊರಗಿನಿಂದ ತರಬಹುದಿತ್ತು. ಆದರೂ ಕಳ್ಳಮಾರಾಟ ನಿಲ್ಲಲಿಲ್ಲ. 2010ರ ಕಾಯ್ದೆ ಶಿಕ್ಷೆಯನ್ನು ಬಿಗಿ ಮಾಡಿತು. ಮರುವರ್ಷ ಒಬ್ಬ ಯುವ ಭಿಕ್ಷುವಿಗೆ, ಸಣ್ಣ ಮೊತ್ತದ ಜಗಿಯುವ ತಂಬಾಕು ತಂದದ್ದಕ್ಕೆ, ಮೂರು ವರ್ಷದ ಸೆರೆವಾಸವಾಯಿತು. ಜನ ಆಕ್ಷೇಪಿಸಿದರು, 2012ರಲ್ಲಿ ಕಾಯ್ದೆ ಸಡಿಲವಾಯಿತು. ಕೊರೊನಾ ಕಾಲದಲ್ಲಿ ಗಡಿ ಮುಚ್ಚಿದಾಗ, ತಂಬಾಕಿನ ಕಳ್ಳಸಾಗಣೆಯ ಜೊತೆ ಸೋಂಕೂ ಒಳಬರುತ್ತದೆಂಬ ಭಯ ಹುಟ್ಟಿತು. 2021ರಲ್ಲಿ ಮಾರಾಟಕ್ಕೆ ಮತ್ತೆ ಅನುಮತಿ ಸಿಕ್ಕಿತು.

ಈ ಕಥೆಯನ್ನು ಹೇಳುವಾಗ ಹೆಚ್ಚಿನವರು ಭಿಕ್ಷುವಿನ ಬಳಿಯೇ ನಿಂತುಬಿಡುತ್ತಾರೆ, ಸಭೆ ಮರುಗುತ್ತದೆ ಎಂದು. ಅದು ಸಾಲದು. "ಶಿಕ್ಷೆ ಕಡಿಮೆ ಮಾಡಿ, ನಿಷೇಧ ಇಟ್ಟುಕೊಳ್ಳಿ" ಎಂದು ಪರ ಪಕ್ಷ ಒಂದೇ ಮಾತಿನಲ್ಲಿ ಅದನ್ನು ತಳ್ಳಿಹಾಕಬಹುದು. ಹಾಗಾಗಿ ಘಟನೆಗಳ ನಡುವಿನ ಕೊಂಡಿಯನ್ನು ನಾನು ಬಾಯಿಬಿಟ್ಟು ಹೇಳುತ್ತೇನೆ: ಮಾರಾಟ ನಿಂತಿತು, ಬೇಡಿಕೆ ನಿಲ್ಲಲಿಲ್ಲ, ಬೇಡಿಕೆ ಗಡಿ ದಾಟಿತು, ಗಡಿ ಕಾಯಲು ಶಿಕ್ಷೆ ಏರಿತು, ಏರಿದ ಶಿಕ್ಷೆ ಸಿಕ್ಕಿದ್ದು ಸಣ್ಣವನ ಕೊರಳಿಗೆ. ಶಿಕ್ಷೆ ಇಳಿಸಿದರೆ ನಿಷೇಧಕ್ಕೆ ಹಲ್ಲಿಲ್ಲ, ಏರಿಸಿದರೆ ಅದು ಕಚ್ಚುವುದು ತಪ್ಪಿದವರನ್ನಲ್ಲ, ಸಿಕ್ಕಿದವರನ್ನು.

ಎರಡನೆಯದು ದಕ್ಷಿಣ ಆಫ್ರಿಕಾ. ಭಾಷಣದ ಬೆನ್ನೆಲುಬು ಇದೇ, ಎಡವುವ ಜಾಗವೂ ಇದೇ. ಕೊರೊನಾ ಲಾಕ್‌ಡೌನ್ ಜೊತೆಗೆ 2020ರ ಮಾರ್ಚ್ 27ರಿಂದ ಆಗಸ್ಟ್ 17ರವರೆಗೆ ಅಲ್ಲಿ ತಂಬಾಕು ಮಾರಾಟ ನಿಂತಿತ್ತು. ಕೇಪ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಸೇದುವವರನ್ನು ಆನ್‌ಲೈನ್‌ನಲ್ಲಿ ಕೇಳಿ ನೋಡಿದರು. ಉತ್ತರಿಸಿದವರಲ್ಲಿ ಸುಮಾರು ಶೇಕಡ 9 ಜನ ನಿಷೇಧದ ಸಮಯದಲ್ಲಿ ಸೇದುವುದನ್ನು ಬಿಟ್ಟಿದ್ದರು. ಮುಂದುವರಿಸಿದವರಲ್ಲಿ ಶೇಕಡ 93 ಜನ ನಿಷೇಧವಿದ್ದರೂ ಸಿಗರೇಟು ಕೊಂಡಿದ್ದರು. ಬೆಲೆ ಸರಾಸರಿ ಶೇಕಡ 250ರಷ್ಟು ಏರಿತ್ತು.

ವೇದಿಕೆಯಲ್ಲಿ ಮೂರು ಶೇಕಡಾವಾರು ಸುರಿದರೆ ಒಂದೂ ನಿಲ್ಲುವುದಿಲ್ಲ. ನಾನು ಇವನ್ನು ನೂರು ಜನರ ಲೆಕ್ಕಕ್ಕೆ ಇಳಿಸುತ್ತೇನೆ. ನೂರು ಮಂದಿ ಸೇದುವವರಿದ್ದರು ಎನ್ನಿ. ಒಂಬತ್ತು ಜನ ಬಿಟ್ಟರು, ತೊಂಬತ್ತೊಂದು ಜನ ಉಳಿದರು. ಆ ತೊಂಬತ್ತೊಂದರ ಶೇಕಡ 93 ಎಂದರೆ ಸುಮಾರು 85. "ನೂರರಲ್ಲಿ ಒಂಬತ್ತು ಜನ ಬಿಟ್ಟರು, ಎಂಬತ್ತೈದು ಜನ ಕಳ್ಳಸಂತೆಗೆ ಹೋದರು" ಎಂದರೆ ಕೊನೆಯ ಸಾಲಿನವರಿಗೂ ತಲುಪುತ್ತದೆ. ಸಾಮಾನ್ಯ ತಪ್ಪು, 93ನ್ನು ನೇರವಾಗಿ ನೂರಕ್ಕೆ ಅನ್ವಯಿಸುವುದು. ಆಗ 9ಕ್ಕೆ 93 ಸೇರಿ 102 ಆಗುತ್ತದೆ, ಎದುರಿನವರಲ್ಲಿ ಒಬ್ಬರು ಕೂಡಿ ನೋಡಿದರೂ ಮುಗಿಯಿತು. ಇನ್ನೊಂದು ತಪ್ಪು ಬೆಲೆಯದು. ಶೇಕಡ 250 ಏರಿತು ಎಂದರೆ ಮೂರೂವರೆ ಪಟ್ಟಾಯಿತು ಎಂದರ್ಥ, ಎರಡೂವರೆ ಪಟ್ಟಲ್ಲ.

ಇನ್ನು ನ್ಯಾಯದ ಮಾತು. ಆ 9 ನನ್ನ ವಿರುದ್ಧದ ಅಂಕಿ, ಅದನ್ನು ಮುಚ್ಚಿಡಬಾರದು. ನಾನೇ ಹೇಳದಿದ್ದರೆ ಎದುರಾಳಿ ಹೇಳುತ್ತಾರೆ, ಆಗ ನಾನು ಕದ್ದಂತೆ ಕಾಣುತ್ತದೆ. ಜೊತೆಗೆ ಇದು ಇಷ್ಟಪಟ್ಟು ಉತ್ತರಿಸಿದವರ ಸಮೀಕ್ಷೆ, ಇಡೀ ದೇಶದ ಪಡಿಯಚ್ಚಲ್ಲ. ನಿಷೇಧ ಸುಮಾರು ಐದು ತಿಂಗಳಿನದು, ಶಾಶ್ವತ ನಿಷೇಧ ಬೇರೆ ರೀತಿ ವರ್ತಿಸಬಹುದು. ಈ ಎರಡು ಮಿತಿಗಳಿಗೆ ಒಂದೊಂದು ವಾಕ್ಯ ಕೊಡುತ್ತೇನೆ. ಅದರ ನಂತರವೇ ವಾದ: "ಆ ಒಂಬತ್ತು ಜನರ ಬಗ್ಗೆ ನನಗೂ ಸಂತೋಷವಿದೆ. ಆದರೆ ಬೆಲೆ ಮೂರೂವರೆ ಪಟ್ಟಾಗಿತ್ತು ಎಂಬುದನ್ನು ಮರೆಯಬೇಡಿ. ಬೆಲೆ ಏರಿದರೆ ಜನ ಬಿಡುತ್ತಾರೆ ಎಂಬುದು ನನ್ನದೇ ವಾದ. ತೆರಿಗೆಯಿಂದ ಏರಿಸಿದ್ದರೆ ಆ ಹಣ ಆಸ್ಪತ್ರೆಗೆ ಸಿಗಬಹುದಿತ್ತು. ನಿಷೇಧದಿಂದ ಏರಿದ್ದು ಕಳ್ಳಸಾಗಣೆದಾರನ ಜೇಬಿಗೆ ಹೋಯಿತು."

ಇಲ್ಲಿಂದ ಪರ್ಯಾಯಕ್ಕೆ ದಾರಿ ತಾನಾಗಿ ತೆರೆಯುತ್ತದೆ. ಬೆಲೆ ಶೇಕಡ 10 ಏರಿದರೆ ಬಳಕೆ ಶ್ರೀಮಂತ ದೇಶಗಳಲ್ಲಿ ಸುಮಾರು ಶೇಕಡ 4, ಉಳಿದ ದೇಶಗಳಲ್ಲಿ ಸುಮಾರು ಶೇಕಡ 5 ಇಳಿಯುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಅಂದಾಜು. ಇದನ್ನು ಹೇಳಿ ಅಲ್ಲಿಗೇ ನಿಲ್ಲಿಸಬೇಕು. "ಹಾಗಾದರೆ ಶೇಕಡ 200 ಏರಿಸಿದರೆ ಬಳಕೆ ಪೂರ್ತಿ ನಿಲ್ಲುತ್ತದೆ" ಎಂದು ಗುಣಿಸಲು ಹೊರಟರೆ ಲೆಕ್ಕ ಕುಸಿಯುತ್ತದೆ. ಆ ಅಂದಾಜು ಸಣ್ಣ ಏರಿಕೆಗಳಿಗೆ ಸಂಬಂಧಿಸಿದ್ದು, ಬೆಲೆ ವಿಪರೀತ ಏರಿದರೆ ತೆರಿಗೆಯೂ ಕಳ್ಳಸಾಗಣೆಯನ್ನು ಹುಟ್ಟಿಸುತ್ತದೆ. ಪರ ಪಕ್ಷ ಇದೇ ಪ್ರಶ್ನೆ ಕೇಳುತ್ತದೆ: "ತೆರಿಗೆಯಿಂದಲೂ ಕಳ್ಳಸಂತೆ ಬೆಳೆಯುತ್ತದಲ್ಲ?" ನನ್ನ ಉತ್ತರ: ಬೆಳೆಯಬಹುದು. ಆದರೆ ಕಾನೂನಿನ ಅಂಗಡಿ ತೆರೆದಿರುವವರೆಗೆ ಹೆಚ್ಚಿನ ಗಿರಾಕಿಗಳಿಗೆ ಕಳ್ಳನ ಬಳಿ ಹೋಗುವ ಅಗತ್ಯವಿಲ್ಲ, ತೆರಿಗೆಯನ್ನು ಹಂತಹಂತವಾಗಿ ಏರಿಸುತ್ತಾ ಎಲ್ಲಿ ನಿಲ್ಲಬೇಕೆಂದು ನೋಡಬಹುದು. ಪೂರ್ತಿ ನಿಷೇಧದಲ್ಲಿ ಆ ಹೊಂದಾಣಿಕೆಗೆ ಜಾಗವಿಲ್ಲ.

ತೆರಿಗೆಯ ಜೊತೆ ಇನ್ನೆರಡೇ ಕ್ರಮ ಹೆಸರಿಸುತ್ತೇನೆ. ಒಂದು, ಮಾರುವವನಿಗೆ ಪರವಾನಗಿ. ಮಕ್ಕಳಿಗೆ ಮಾರಿದರೆ ಅದು ರದ್ದು. ಕಳೆದುಕೊಳ್ಳಲು ಏನಾದರೂ ಇದ್ದವನು ವಯಸ್ಸು ಕೇಳುತ್ತಾನೆ, ಕಳ್ಳ ಮಾರುವವನು ಕೇಳುವುದಿಲ್ಲ. ಇನ್ನೊಂದು, 2012ರಲ್ಲಿ ಆಸ್ಟ್ರೇಲಿಯಾ ತಂದಂತಹ, ಬ್ರ್ಯಾಂಡಿನ ಬಣ್ಣ-ಚಿಹ್ನೆಗಳಿಲ್ಲದ, ಎಚ್ಚರಿಕೆಯ ಚಿತ್ರವೇ ತುಂಬಿದ ಪೊಟ್ಟಣ.

ಬಿಟ್ಟುಬಿಡುವ ವಾದಗಳೂ ಇವೆ. ತೆರಿಗೆಯ ಆದಾಯ ಹೋಗುತ್ತದೆ ಎಂಬುದು ಮೊದಲನೆಯದು. ಧೂಮಪಾನದಿಂದ ಆಗುವ ಚಿಕಿತ್ಸೆಯ ವೆಚ್ಚ ಮತ್ತು ದುಡಿಮೆಯ ನಷ್ಟದ ಲೆಕ್ಕ ಎದುರು ಬಂದರೆ ಅದು ನಿಲ್ಲುವುದಿಲ್ಲ, ಜೊತೆಗೆ ಜೀವಕ್ಕೆ ಬೆಲೆ ಕಟ್ಟಿದಂತೆ ಕೇಳಿಸುತ್ತದೆ. "ನನ್ನ ದೇಹ, ನನ್ನ ಇಷ್ಟ" ಎಂಬುದಕ್ಕೂ ಇದೇ ಗತಿ. ನಿಕೋಟಿನ್ ಚಟ ಹಿಡಿಸುತ್ತದೆ, ಸೇದುವವರಲ್ಲಿ ಬಹುಪಾಲು ಜನ ಎಳೆಯ ವಯಸ್ಸಿನಲ್ಲೇ ಶುರುಮಾಡಿರುತ್ತಾರೆ, ಅಲ್ಲಿ ಇಷ್ಟವೆಷ್ಟು, ಚಟವೆಷ್ಟು?

ಅಮೆರಿಕದ 1920ರಿಂದ 1933ರವರೆಗಿನ ಮದ್ಯ ನಿಷೇಧ ಎಲ್ಲರ ನಾಲಿಗೆಯ ತುದಿಯಲ್ಲಿರುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ. ಆರಂಭದ ವರ್ಷಗಳಲ್ಲಿ ಅಲ್ಲಿ ಕುಡಿತ ನಿಜಕ್ಕೂ ಇಳಿದಿತ್ತು. ಇತಿಹಾಸ ಓದಿದ ಎದುರಾಳಿ ಸಿಕ್ಕರೆ ಉದಾಹರಣೆ ಅವರ ಪಾಲಾಗುತ್ತದೆ. ನ್ಯೂಜಿಲೆಂಡ್ ಇನ್ನೂ ಜಾರುವ ನೆಲ. 2009ರ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆ ಎಂದೂ ತಂಬಾಕು ಮಾರಬಾರದೆಂದು 2022ರಲ್ಲಿ ಅಲ್ಲಿ ಕಾಯ್ದೆಯಾಯಿತು, 2024ರಲ್ಲಿ ರದ್ದಾಯಿತು. "ನೋಡಿ, ಸೋತಿತು" ಎನ್ನುವವರಿದ್ದಾರೆ. ಆ ನಿಯಮ ಜಾರಿಗೆ ಬರುವ ಮೊದಲೇ ಹೊಸ ಸರ್ಕಾರ ಅದನ್ನು ತೆಗೆದುಹಾಕಿತು. ಪರೀಕ್ಷೆಗೇ ಕೂರದ ಹುಡುಗನನ್ನು ಫೇಲ್ ಎನ್ನುವಂತಿಲ್ಲ.

ಕಳ್ಳಸಾಗಣೆಯ ಅಂಕಿಅಂಶ ಹುಡುಕುವಾಗ ಇನ್ನೊಂದು ಎಚ್ಚರ ಬೇಕು. ಅದನ್ನು ದೊಡ್ಡದಾಗಿ ತೋರಿಸುವುದು ತಂಬಾಕು ಕಂಪನಿಗಳಿಗೆ ಲಾಭ, ಹಾಗಾಗಿ ವರದಿಗೆ ಹಣ ಕೊಟ್ಟವರು ಯಾರು ಎಂದು ಮೊದಲು ನೋಡಬೇಕು. ಕಂಪನಿಯ ಹಣದ ವರದಿಯಾದರೆ ನಾನು ಬಳಸುವುದಿಲ್ಲ. ದಕ್ಷಿಣ ಆಫ್ರಿಕಾದ ಉದಾಹರಣೆ ಗಟ್ಟಿಯಾಗಿ ನಿಲ್ಲುವುದಕ್ಕೆ ಒಂದು ಕಾರಣ, ಅದರ ಮೂಲ ವಿಶ್ವವಿದ್ಯಾಲಯ ಎಂಬುದು. ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದದ ವಿಧಿ 5.3 ಕೂಡ ಸರ್ಕಾರಗಳು ತಮ್ಮ ಆರೋಗ್ಯ ನೀತಿಯನ್ನು ಈ ಉದ್ಯಮದ ಹಿತಾಸಕ್ತಿಯಿಂದ ಕಾಪಾಡಬೇಕು ಎನ್ನುತ್ತದೆ. ಅದೇ ನಿಯಮವನ್ನು ನನ್ನ ಟಿಪ್ಪಣಿಗೂ ಹಾಕಿಕೊಳ್ಳುತ್ತೇನೆ.

ಸಮಯವನ್ನು ಹೀಗೆ ಹಂಚುತ್ತೇನೆ: ಆರಂಭಕ್ಕೆ 40 ಸೆಕೆಂಡು, ಭೂತಾನ್‌ಗೆ ಒಂದು ನಿಮಿಷ, ದಕ್ಷಿಣ ಆಫ್ರಿಕಾಕ್ಕೆ ಒಂದೂವರೆ ನಿಮಿಷ, ಪರ್ಯಾಯಕ್ಕೆ ಒಂದು ನಿಮಿಷ. ಉಳಿದ 50 ಸೆಕೆಂಡನ್ನು ಬರೆಯದೆ ಖಾಲಿ ಬಿಡುತ್ತೇನೆ, ನನಗಿಂತ ಮೊದಲು ಮಾತಾಡಿದ ಪರ ಪಕ್ಷದವರ ಅತಿ ಗಟ್ಟಿ ವಾದಕ್ಕೆ ಉತ್ತರಿಸಲು. ಹೆಚ್ಚಾಗಿ ಅದು ಹೀಗಿರುತ್ತದೆ: "ಕೊಲೆಯೂ ನಿಂತಿಲ್ಲ, ಹಾಗೆಂದು ಕೊಲೆಯ ಮೇಲಿನ ನಿಷೇಧ ತೆಗೆಯುತ್ತೀರಾ?" ಇದನ್ನು ನಕ್ಕು ತಳ್ಳಿಹಾಕಬಾರದು, ಸಭೆಗೆ ಅದು ಸರಿ ಎನಿಸಿರುತ್ತದೆ. ಕೊಲೆಯಾದರೆ ದೂರು ಕೊಡಲು ಸತ್ತವನ ಮನೆಯವರಿರುತ್ತಾರೆ. ತಂಬಾಕು ಮಾರಾಟದಲ್ಲಿ ಮಾರಿದವನೂ ಕೊಂಡವನೂ ಒಪ್ಪಿಯೇ ಕೊಟ್ಟು ತೆಗೆದುಕೊಂಡಿರುತ್ತಾರೆ, ದೂರು ಕೊಡುವವರೇ ಇಲ್ಲ. ಆದ್ದರಿಂದ ಅದನ್ನು ಹಿಡಿಯಬೇಕಾದರೆ ಪೊಲೀಸರು ಜೇಬು ತಡಕಲೇಬೇಕು. ಇಷ್ಟು ಹೇಳಿ ಭೂತಾನ್‌ನ ಭಿಕ್ಷುವನ್ನು ಒಂದು ಮಾತಿನಲ್ಲಿ ನೆನಪಿಸಿದರೆ ಸಾಕು, ಗಂಟೆ ಬಾರಿಸುವಷ್ಟರಲ್ಲಿ ಕೆಳಗಿಳಿಯಬಹುದು.