ಪಾಸ್‌ಪೋರ್ಟ್ ಭಾರತದ್ದು, ತೆರಿಗೆ ಯಾವ ದೇಶಕ್ಕೆ? ಬ್ರಿಟನ್‌ಗೆ ಹೊಸದಾಗಿ ಬಂದ ಸಂಸಾರಗಳಿಗೆ

ಇಲ್ಲಿ ಬ್ಯಾಂಕ್ ಖಾತೆ ತೆರೆಯುವಾಗ ಅರ್ಜಿಯಲ್ಲಿ ಎರಡು ಪ್ರಶ್ನೆ ಬರುತ್ತವೆ. ನಿಮ್ಮ ಪೌರತ್ವ ಯಾವುದು ಎನ್ನುವುದು ಒಂದು. ತೆರಿಗೆ ಲೆಕ್ಕಕ್ಕೆ ನೀವು ಯಾವ ದೇಶದ ನಿವಾಸಿ ಎನ್ನುವುದು ಇನ್ನೊಂದು. ನಮ್ಮವರಲ್ಲಿ ಬಹಳ ಜನ ಎರಡಕ್ಕೂ 'ಭಾರತ' ಅಂತ ತುಂಬಿ ಸಹಿ ಹಾಕುತ್ತಾರೆ. ಬಂದ ಹೊಸತರಲ್ಲಿ ನಾನೂ ಹಾಗೇ ಮಾಡಿದ್ದೆ. ಮೊದಲ ಉತ್ತರ ಸರಿ, ಎರಡನೆಯದು ತಪ್ಪು. ಆ ತಪ್ಪನ್ನು ತಿದ್ದಲು ಮತ್ತೆ ಒಂದು ಕಂತೆ ಕಾಗದ ತುಂಬಬೇಕಾಯಿತು.

ಬ್ರಿಟನ್ ಆಗಲಿ, ಭಾರತವಾಗಲಿ, ಪ್ರಪಂಚದ ಹೆಚ್ಚಿನ ದೇಶಗಳಾಗಲಿ ತೆರಿಗೆಗೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ನೋಡುವುದಿಲ್ಲ. ಈ ವರ್ಷ ನೀವು ಎಲ್ಲಿ ಇದ್ದಿರಿ, ಎಲ್ಲಿ ಮನೆ ಮಾಡಿದಿರಿ, ಎಲ್ಲಿ ದುಡಿದಿರಿ ಅಂತ ನೋಡುತ್ತವೆ. ನಿವಾಸಿಯಾದರೆ ಪ್ರಪಂಚದ ಯಾವ ಮೂಲೆಯ ಆದಾಯವನ್ನೂ ಆ ದೇಶ ಕೇಳಬಹುದು. ನಿವಾಸಿ ಅಲ್ಲದಿದ್ದರೆ ಆ ದೇಶದೊಳಗೆ ಹುಟ್ಟಿದ ಆದಾಯವನ್ನು ಮಾತ್ರ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದು ಬೆಂಗಳೂರಿಗೆ ವಾಪಸ್ ಹೋಗಿ ಅಲ್ಲೇ ದುಡಿದು ನೆಲೆಸಿದವರ ಸಂಬಳ ಬ್ರಿಟನ್‌ಗೆ ಬೇಡ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಲಂಡನ್‌ನಲ್ಲಿ ಇರುವ ನಿಮ್ಮ ಮೈಸೂರಿನ ಬಾಡಿಗೆ ಬ್ರಿಟನ್‌ಗೆ ಬೇಕು. ದೊಡ್ಡ ಅಪವಾದ ಅಮೆರಿಕ. ಅದು ತನ್ನ ಪ್ರಜೆಗಳನ್ನೂ ಗ್ರೀನ್ ಕಾರ್ಡ್ ಇರುವವರನ್ನೂ ಎಲ್ಲಿದ್ದರೂ ಬಿಡುವುದಿಲ್ಲ. ಅಲ್ಲಿಂದ ಇಲ್ಲಿಗೆ ಬಂದ ಸಂಸಾರವಾದರೆ ಅದನ್ನು ಬೇರೆಯಾಗಿಯೇ ವಿಚಾರಿಸಿಕೊಳ್ಳಿ.

ಒಂದು ಸಂಸಾರದ ಲೆಕ್ಕ ಹಾಕಿ ನೋಡೋಣ. ಸುಮ್ನೆ ಉದಾಹರಣೆಗೆ.

ಗಂಡನಿಗೆ ಲಂಡನ್‌ನಲ್ಲಿ ಕೆಲಸ ಸಿಕ್ಕಿದೆ. ಹೆಂಡತಿ ಮೈಸೂರಿನ ಕೆಲಸ ಬಿಟ್ಟು ಅವರ ಜೊತೆ ಡಿಪೆಂಡೆಂಟ್ ವೀಸಾದಲ್ಲಿ ಬರುತ್ತಾರೆ. ಇಬ್ಬರೂ 2025ರ ಆಗಸ್ಟ್ 20ರಂದು ಒಂದೇ ವಿಮಾನ ಹತ್ತಿ ಅದೇ ಸಂಜೆ ಹೀತ್ರೂನಲ್ಲಿ ಇಳಿಯುತ್ತಾರೆ. ಮೈಸೂರಿನ ಮನೆ ಗಂಡನ ಹೆಸರಿನಲ್ಲಿದೆ. ಅದನ್ನು ಬಾಡಿಗೆಗೆ ಕೊಟ್ಟು ಬಂದಿದ್ದಾರೆ.

ಬ್ರಿಟನ್ ಹೇಗೆ ಎಣಿಸುತ್ತದೆ

ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ನಿವಾಸಿ ಹೌದೋ ಅಲ್ಲವೋ ಅಂತ ತೀರ್ಮಾನಿಸುವ ನಿಯಮ 2013ರಿಂದ ಕಾನೂನಿನಲ್ಲೇ ಬರೆದಿದೆ. ಸಾಮಾನ್ಯವಾಗಿ ನಡುರಾತ್ರಿ ಹೊತ್ತಿಗೆ ನೀವು ಬ್ರಿಟನ್‌ನಲ್ಲಿ ಇದ್ದರೆ ಅದು ಒಂದು ದಿನ. ಹೀಗೆ 183 ದಿನ ಆದರೆ ಬೇರೆ ಪ್ರಶ್ನೆಯೇ ಇಲ್ಲ, ನೀವು ನಿವಾಸಿ.

ನಮ್ಮ ಸಂಸಾರಕ್ಕೆ ಆಗಸ್ಟ್ 20ರಿಂದ 2026ರ ಏಪ್ರಿಲ್ 5ರವರೆಗೆ 229 ರಾತ್ರಿ ಆಗುತ್ತವೆ. ನಡುವೆ ತಂಗಿಯ ಮದುವೆಗೆ ಎರಡು ವಾರ ಊರಿಗೆ ಹೋದರೂ 183 ದಾಟುತ್ತದೆ. ಇಬ್ಬರೂ 2025-26ಕ್ಕೆ ಬ್ರಿಟನ್‌ನ ನಿವಾಸಿಗಳು.

183 ಆಗದಿದ್ದರೆ ತಪ್ಪಿಸಿಕೊಂಡೆವು ಅಂತ ಅಂದುಕೊಳ್ಳಬೇಡಿ. ಜನವರಿ ಮಧ್ಯದಲ್ಲಿ ಬಂದವರಿಗೆ ಏಪ್ರಿಲ್ 5ರ ಹೊತ್ತಿಗೆ 90 ದಿನವೂ ಆಗಿರುವುದಿಲ್ಲ. ಆದರೂ ಇಲ್ಲಿ ಪೂರ್ಣಾವಧಿ ಕೆಲಸ ಶುರುವಾಗಿದ್ದರೆ, ಅಥವಾ ನಿಮಗಿರುವ ಒಂದೇ ಮನೆ ಇಲ್ಲಿಯದಾಗಿದ್ದರೆ, ಆ ವರ್ಷಕ್ಕೇ ನಿವಾಸಿ ಆಗಿಬಿಡಬಹುದು. ಎರಡೂ ಇಲ್ಲದಿದ್ದರೆ ಮುಂದಿನ ಪರೀಕ್ಷೆ 'ನಂಟು' ಎಣಿಸುವುದು: ಹೆಂಡತಿ ಅಥವಾ ಗಂಡ, ಸಣ್ಣ ಮಕ್ಕಳು ಇಲ್ಲಿದ್ದಾರಾ, ಉಳಿದುಕೊಳ್ಳಲು ಜಾಗ ಇದೆಯಾ, ಇಲ್ಲಿ ಕೆಲಸ ಮಾಡಿದ್ದೀರಾ, ಹಿಂದಿನ ಎರಡು ವರ್ಷಗಳಲ್ಲಿ ಯಾವುದಾದರೂ ಒಂದರಲ್ಲಿ 90 ದಿನಕ್ಕಿಂತ ಜಾಸ್ತಿ ಇದ್ದಿರಾ. ಇದ್ದ ದಿನ ಜಾಸ್ತಿಯಾದಷ್ಟೂ ಕಡಿಮೆ ನಂಟು ಸಾಕು. ಈ ಪಟ್ಟಿಯಲ್ಲಿ ಎಲ್ಲೂ ಪೌರತ್ವ ಇಲ್ಲ, ನೋಡಿ.

ನಿವಾಸಿ ಎಂದರೆ ಏಪ್ರಿಲ್ 6ರಿಂದಲೇ ಎಲ್ಲ ಆದಾಯವೂ ಇಲ್ಲಿಗೆ ಬಂತಾ? ಬೆಂಗಳೂರಿನಲ್ಲಿ ಜೂನ್, ಜುಲೈ ತಿಂಗಳು ತೆಗೆದುಕೊಂಡ ಸಂಬಳವೂ? ಹೆಚ್ಚಿನ ಸಂಸಾರಗಳಿಗೆ ಹಾಗಾಗುವುದಿಲ್ಲ. ಬಂದ ವರ್ಷವನ್ನು ಎರಡಾಗಿ ಸೀಳುವ ನಿಯಮ ಇದೆ. ಇಲ್ಲಿ ಕೆಲಸ ಶುರು ಮಾಡಿದ ಅಥವಾ ಮನೆ ಮಾಡಿದ ದಿನಕ್ಕೆ ಮುಂಚಿನ ಭಾಗದಲ್ಲಿ ಹೊರದೇಶದಲ್ಲಿ ಬಂದ ಆದಾಯವನ್ನು ಬ್ರಿಟನ್ ಬಿಟ್ಟುಬಿಡುತ್ತದೆ. ಇದಕ್ಕೆ ಷರತ್ತುಗಳಿವೆ. ಕೆಲಸದ ಮೇಲೆ ನೇರವಾಗಿ ಬಂದು ನಿಂತವರು ಸಾಮಾನ್ಯವಾಗಿ ಅದರೊಳಗೆ ಬರುತ್ತಾರೆ. ಆದ್ದರಿಂದ ಕೆಲಸಕ್ಕೆ ಸೇರಿದ ದಿನ, ಬಾಡಿಗೆ ಕರಾರಿನ ದಿನ ಎರಡನ್ನೂ ಬರೆದಿಟ್ಟುಕೊಳ್ಳಿ.

ಭಾರತ ಹೇಗೆ ಎಣಿಸುತ್ತದೆ

ಇಲ್ಲಿ ಗಂಡ ಹೆಂಡತಿಯ ದಾರಿ ಬೇರೆಯಾಗುತ್ತದೆ. ಹೊಸಬರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಭಾರತದ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಆ ವರ್ಷದಲ್ಲಿ 182 ದಿನ ಅಲ್ಲಿದ್ದರೆ ನಿವಾಸಿ. ಅಷ್ಟು ಇಲ್ಲದಿದ್ದರೂ 60 ದಿನ ಇದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೆ ಆಗಲೂ ನಿವಾಸಿ. ಹುಟ್ಟಿದಾಗಿನಿಂದ ಮೈಸೂರಿನಲ್ಲೇ ಇದ್ದವರಿಗೆ ಈ 365 ಯಾವ ಲೆಕ್ಕ! ಹಾಗಾಗಿ ಅವರಿಗೆ ನಿಜವಾದ ಗೆರೆ 60 ದಿನ. ಆದರೆ ಕೆಲಸಕ್ಕಾಗಿ ಹೊರದೇಶಕ್ಕೆ ಹೊರಟ ಭಾರತದ ಪ್ರಜೆಗೆ, ಹೊರಟ ವರ್ಷದಲ್ಲಿ, ಈ 60ರ ಬದಲು 182 ಅಂತ ಸಡಿಲ ಮಾಡಿದ್ದಾರೆ.

ಏಪ್ರಿಲ್ 1ರಿಂದ ಆಗಸ್ಟ್ 20ರವರೆಗೆ, ಹೊರಟ ದಿನವೂ ಸೇರಿ, 142 ದಿನ. ಗಂಡ ಕೆಲಸಕ್ಕಾಗಿ ಹೊರಟವರು. 142 ಎನ್ನುವುದು 182ಕ್ಕಿಂತ ಕಡಿಮೆ. ಅವರು ಅನಿವಾಸಿ. ಹೆಂಡತಿ ಕೆಲಸಕ್ಕಾಗಿ ಹೊರಟವರಲ್ಲ, ಅವರಿಗೆ ಸಡಿಲಿಕೆ ಇಲ್ಲ. 142 ಎನ್ನುವುದು 60ಕ್ಕಿಂತ ಜಾಸ್ತಿ. ಅವರು ಆ ವರ್ಷಕ್ಕೆ ಭಾರತದ ನಿವಾಸಿ. ಒಂದೇ ವಿಮಾನ, ಪಕ್ಕಪಕ್ಕದ ಸೀಟು, ಇಬ್ಬರಿಗೆ ಎರಡು ಉತ್ತರ.

ಇದರ ಪರಿಣಾಮ ಅವರ ರಿಟರ್ನ್‌ನಲ್ಲಿ ಕಾಣುತ್ತದೆ. ಹೆಂಡತಿ ಆ ವರ್ಷ ಭಾರತದಲ್ಲಿ ನಿವಾಸಿ ಅಂತಲೇ ರಿಟರ್ನ್ ಹಾಕಬೇಕು. ಲಂಡನ್‌ನಲ್ಲಿ ಗಂಡನ ಜೊತೆ ಜಂಟಿ ಖಾತೆ ತೆರೆದಿದ್ದರೆ ಅದನ್ನು ವಿದೇಶಿ ಆಸ್ತಿಯ ಪಟ್ಟಿಯಲ್ಲಿ ತೋರಿಸಬೇಕು. ಆದಾಯ ಏನೂ ಇಲ್ಲ ಅಂತ ಬಿಡುವ ಹಾಗಿಲ್ಲ. ಗಂಡನಿಗೆ ಈ ತಾಪತ್ರಯ ಇಲ್ಲ. ಆದರೆ ಅವರು ಇನ್ನೊಂದನ್ನು ನೆನಪಿಡಬೇಕು: ಮದುವೆಗೆ ಊರಿಗೆ ಹೋದ ದಿನಗಳು ಅದೇ 142ಕ್ಕೆ ಸೇರುತ್ತವೆ. ಮಾರ್ಚ್ 31ರೊಳಗೆ ಅವರಿಗೆ ಉಳಿದಿರುವುದು 39 ದಿನ. ನಲವತ್ತನೆಯ ದಿನವೂ ಅತ್ತೆ ಮನೆಯಲ್ಲೇ ಇದ್ದರೆ ಅವರೂ ನಿವಾಸಿ.

ಎರಡೂ ದೇಶ ನಮ್ಮವರು ಎಂದರೆ

ಹೆಂಡತಿಯನ್ನು ಈಗ ಎರಡೂ ದೇಶಗಳು ತಮ್ಮ ನಿವಾಸಿ ಎನ್ನುತ್ತಿವೆ. ಇಂಥ ಜಗಳ ಬಿಡಿಸಲು ಭಾರತ ಮತ್ತು ಬ್ರಿಟನ್ ನಡುವೆ 1993ರ ತೆರಿಗೆ ಒಪ್ಪಂದ ಇದೆ. ಅದು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತದೆ. ಯಾವ ದೇಶದಲ್ಲಿ ನಿಮಗೆ ಇರಲು ಸಿಗುವ ಕಾಯಂ ಮನೆ ಇದೆ? ಎರಡೂ ಕಡೆ ಇದ್ದರೆ, ನಿಮ್ಮ ಬದುಕಿನ ಸಂಬಂಧಗಳು, ಹಣಕಾಸು ಎಲ್ಲಿ ಹೆಚ್ಚು? ಅದೂ ಗೊತ್ತಾಗದಿದ್ದರೆ, ರೂಢಿಯಲ್ಲಿ ಎಲ್ಲಿರುತ್ತೀರಿ? ಇಷ್ಟಕ್ಕೂ ಬಗೆಹರಿಯದಿದ್ದರೆ ಮಾತ್ರ, ನೀವು ಯಾವ ದೇಶದ ಪ್ರಜೆ? ಪೌರತ್ವದ ಸರದಿ ಬರುವುದು ನಾಲ್ಕನೆಯದಾಗಿ. ನನಗೆ ಗೊತ್ತಿರುವ ಸಂಸಾರಗಳಲ್ಲಿ ಅಲ್ಲಿಯವರೆಗೆ ಹೋದದ್ದು ಒಂದೂ ಇಲ್ಲ.

ಮೊದಲ ಪ್ರಶ್ನೆಯಲ್ಲೇ ಒಂದು ಸೂಕ್ಷ್ಮ ಇದೆ. ಮೈಸೂರಿನ ಮನೆಯನ್ನು ಕರಾರು ಮಾಡಿ ಬಾಡಿಗೆಗೆ ಕೊಟ್ಟಿದ್ದರೆ ಅದು 'ಇರಲು ಸಿಗುವ' ಮನೆ ಅಲ್ಲ, ಬಾಡಿಗೆಯವರು ಇದ್ದಾರಲ್ಲ. ಇಲ್ಲಿ ಸ್ವಂತಕ್ಕೆ ಬಾಡಿಗೆ ಮನೆ ಹಿಡಿದಿದ್ದರೆ ಉತ್ತರ ಬ್ರಿಟನ್ ಕಡೆ ಹೋಗುತ್ತದೆ. ಅದೇ ಮನೆಗೆ ಬೀಗ ಹಾಕಿ, ಬಂದಾಗ ಉಳಿಯೋಣ ಅಂತ ಬಿಟ್ಟಿದ್ದರೆ ಎರಡು ಕಡೆಯೂ ಮನೆ ಇದ್ದ ಹಾಗೆ, ಮುಂದಿನ ಪ್ರಶ್ನೆಗೆ ಹೋಗಬೇಕು.

ಊರಿನ ಬಾಡಿಗೆ, ಎಫ್‌ಡಿ ಬಡ್ಡಿ

ನಮ್ಮವರು ಜಾಸ್ತಿ ಎಡವುವುದು ಎನ್‌ಆರ್‌ಇ ಠೇವಣಿಯಲ್ಲಿ, ಅಂದರೆ ಹೊರದೇಶದಲ್ಲಿ ದುಡಿದ ಹಣವನ್ನು ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವ ಠೇವಣಿಯಲ್ಲಿ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಹಾಗಾಗಿ ಎಲ್ಲೂ ಇಲ್ಲ ಅಂದುಕೊಳ್ಳುತ್ತಾರೆ. ಭಾರತ ಬಿಟ್ಟುಕೊಟ್ಟದ್ದು ಭಾರತದ ತೆರಿಗೆಯನ್ನು ಮಾತ್ರ. ಬ್ರಿಟನ್‌ನ ನಿವಾಸಿಗೆ ಅದು ಹೊರದೇಶದ ಬಡ್ಡಿ, ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇದು ಇಲ್ಲಿನವರಿಗೆ ಹೇಗೆ ಗೊತ್ತಾಗುತ್ತದೆ ಎಂದರೆ, ಆರಂಭದಲ್ಲಿ ಹೇಳಿದೆನಲ್ಲ, ಬ್ಯಾಂಕಿನ ಆ ಪ್ರಶ್ನೆ ಇರುವುದೇ ಅದಕ್ಕೆ. ಎರಡೂ ದೇಶಗಳ ಬ್ಯಾಂಕುಗಳು ಹೊರಗಿನ ನಿವಾಸಿಗಳ ಖಾತೆಯ ವಿವರವನ್ನು ತಮ್ಮ ತೆರಿಗೆ ಇಲಾಖೆಗೆ ಕೊಡುತ್ತವೆ, ಇಲಾಖೆಗಳು ಅದನ್ನು ಹಂಚಿಕೊಳ್ಳುತ್ತವೆ.

2025ರ ಏಪ್ರಿಲ್ 6ರಿಂದ ಹೊಸಬರಿಗೆ ಒಂದು ರಿಯಾಯಿತಿ ಬಂದಿದೆ. ಹಿಂದಿನ 10 ತೆರಿಗೆ ವರ್ಷಗಳಲ್ಲಿ ಬ್ರಿಟನ್‌ನ ನಿವಾಸಿ ಆಗಿರದವರು, ಮೊದಲ 4 ವರ್ಷ ಹೊರದೇಶದ ಬಾಡಿಗೆ, ಬಡ್ಡಿ, ಡಿವಿಡೆಂಡ್, ಷೇರಿನ ಲಾಭಕ್ಕೆ ಇಲ್ಲಿ ತೆರಿಗೆ ಬೇಡ ಅಂತ ಕೇಳಬಹುದು. ಇದಕ್ಕೂ ಪಾಸ್‌ಪೋರ್ಟ್ ಮುಖ್ಯವಲ್ಲ. ಹತ್ತು ವರ್ಷ ಹೊರಗಿದ್ದು ವಾಪಸ್ ಬಂದ ಬ್ರಿಟಿಷ್ ಪ್ರಜೆಗೂ ಸಿಗುತ್ತದೆ. ಸೀಳಿದ ಮೊದಲ ವರ್ಷವೂ ಒಂದು ವರ್ಷವೇ, ಆದ್ದರಿಂದ ನಮ್ಮ ಸಂಸಾರಕ್ಕೆ 2028-29 ಕೊನೆಯದು.

ಕೇಳಿದ ತಕ್ಷಣ ಎಲ್ಲರೂ ಕೈ ಎತ್ತಬೇಡಿ. ಈ ರಿಯಾಯಿತಿ ಕೇಳಿದ ವರ್ಷ, ಹೆಚ್ಚಿನವರಿಗೆ ತೆರಿಗೆಯಿಲ್ಲದೆ ಬಿಡುವ ಮೊದಲ 12,570 ಪೌಂಡ್ ನಿಮಗೆ ಸಿಗುವುದಿಲ್ಲ. ಲೆಕ್ಕ ನೋಡಿ. ಗಂಡನಿಗೆ ಪೂರ್ತಿ ವರ್ಷಕ್ಕೆ ಸಂಬಳ 45,000 ಪೌಂಡ್, ಮೈಸೂರಿನ ಬಾಡಿಗೆ ಖರ್ಚು ಕಳೆದು 3,500 ಪೌಂಡ್ ಅಂತ ಇಟ್ಟುಕೊಳ್ಳಿ. ರಿಯಾಯಿತಿ ಕೇಳದಿದ್ದರೆ ಬಾಡಿಗೆಗೆ ಶೇಕಡಾ 20ರಂತೆ 700 ಪೌಂಡ್ ತೆರಿಗೆ. ಅದೇ ಬಾಡಿಗೆಗೆ ಭಾರತದಲ್ಲಿ ತೆರಿಗೆ ಕಟ್ಟಿದ್ದರೆ ಅದನ್ನೂ ಇದರಿಂದ ವಜಾ ಮಾಡಿಕೊಳ್ಳಬಹುದು. ರಿಯಾಯಿತಿ ಕೇಳಿದರೆ ಈ 700 ಉಳಿಯುತ್ತದೆ, ಆದರೆ ಸಂಬಳದ ಮೇಲಿನ ತೆರಿಗೆ 6,486ರಿಂದ 10,460ಕ್ಕೆ ಏರುತ್ತದೆ. 700 ಉಳಿಸಲು ಹೋಗಿ ಸುಮಾರು 4,000 ಕಳೆದುಕೊಂಡ ಹಾಗೆ. ಊರಿನಲ್ಲಿ ದೊಡ್ಡ ಬಾಡಿಗೆ ಬರುವವರಿಗೆ, ಆ ವರ್ಷ ಷೇರು ಅಥವಾ ಸೈಟು ಮಾರುವವರಿಗೆ ಇದು ಲಾಭ. ಸಂಬಳ 1,25,140 ಪೌಂಡ್ ದಾಟಿದವರಿಗೆ ಆ 12,570 ಹೇಗೂ ಇಲ್ಲ, ಕಳೆದುಕೊಳ್ಳುವುದಕ್ಕೆ ಅವರ ಬಳಿ ಅದು ಇರುವುದೇ ಇಲ್ಲ. ಪ್ರತಿ ವರ್ಷವೂ ಬೇರೆ ಬೇರೆಯಾಗಿ ತೀರ್ಮಾನಿಸಬಹುದು, ಆದ್ದರಿಂದ ಸೈಟು ಮಾರುವ ವರ್ಷಕ್ಕೆ ಮಾತ್ರ ಕೇಳಿದರೂ ಸರಿ.

ಬಾಡಿಗೆಯವರಿಗೂ ಒಂದು ಮಾತು ಹೇಳಿಬಿಡಿ. ಮನೆ ಮಾಲೀಕರು ಅನಿವಾಸಿ ಆದ ಮೇಲೆ ಬಾಡಿಗೆ ಎಷ್ಟೇ ಇರಲಿ, ಅದರಲ್ಲಿ ಟಿಡಿಎಸ್ ಹಿಡಿದು ಕಟ್ಟುವ ಹೊಣೆ ಬಾಡಿಗೆಯವರದು. ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ, ನೋಟಿಸ್ ಬಂದಾಗ ಮುನಿಸು ನಿಮ್ಮ ಮೇಲೆ.

2025-26ಕ್ಕೆ ಇಲ್ಲಿ ರಿಟರ್ನ್ ಹಾಕಬೇಕಾದವರು 2026ರ ಅಕ್ಟೋಬರ್ 5ರೊಳಗೆ ಇಲ್ಲಿನ ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಗೆ ತಿಳಿಸಿ ಹೆಸರು ಬರೆಸಿಕೊಳ್ಳಬೇಕು. ಆನ್‌ಲೈನ್ ರಿಟರ್ನ್‌ಗೂ ಹಣ ಕಟ್ಟುವುದಕ್ಕೂ ಕೊನೆಯ ದಿನ 2027ರ ಜನವರಿ 31. ಆ ಹೊತ್ತಿಗೆ ನಿಮ್ಮ ಹತ್ತಿರ ಇರಬೇಕಾದದ್ದು ಒಂದು ಹಾಳೆ: ಭಾರತ ಬಿಟ್ಟ ದಿನ, ಇಲ್ಲಿ ಇಳಿದ ದಿನ, ನಡುವೆ ಹೋಗಿ ಬಂದ ದಿನಗಳು, ಗಂಡನದು ಬೇರೆ, ಹೆಂಡತಿಯದು ಬೇರೆ. ಬೋರ್ಡಿಂಗ್ ಪಾಸ್‌ನ ಫೋಟೋಗಳನ್ನು ಅದರ ಜೊತೆಗೇ ಇಟ್ಟುಕೊಳ್ಳಿ.