ಕಣ್ಣಲ್ಲಿ ಕಣ್ಣಿಟ್ಟು ಲೋಟ ಬೀಳಿಸುವ ಬೆಕ್ಕು: ನಾನು ಬಿಡಿಸಿದ ರೀತಿ

ಬೆಕ್ಕು ಮೇಜಿನ ಮೇಲಿನ ವಸ್ತುವನ್ನು ತಳ್ಳುವಾಗ ಅದರ ಕಣ್ಣು ಎಲ್ಲಿದೆ ಎಂದು ಮೊದಲು ನೋಡುತ್ತೇನೆ. ವಸ್ತುವಿನ ಮೇಲಿದ್ದರೆ ಅದು ಬೇಟೆಯ ಬುದ್ಧಿ. ಒಂದು ಅಡಿಗಿಂತ ಹತ್ತಿರದ್ದು ಬೆಕ್ಕಿಗೆ ಮಸುಕಾಗಿ ಕಾಣುವುದರಿಂದ ಮುಂಗಾಲಲ್ಲಿ ತಟ್ಟಿ ಪರೀಕ್ಷಿಸುತ್ತದೆ. ಕಣ್ಣು ನಮ್ಮ ಮೇಲಿದ್ದು, ಒಂದಿಷ್ಟು ತಳ್ಳಿ, ನಿಂತು, ಮತ್ತೆ ತಳ್ಳಿದರೆ ಅದು ಕಾಯುತ್ತಿರುವುದು ನಮ್ಮನ್ನು. 1898ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿದಾಗ, ಯಾವ ಚಲನೆಯಿಂದ ಬಾಗಿಲು ತೆರೆಯಿತೋ ಅದನ್ನೇ ಅವು ಬರಬರುತ್ತಾ ಬೇಗ ಮಾಡತೊಡಗಿದವು. ನಮ್ಮ ಮನೆಯಲ್ಲಿ ಲೋಟ ಬಿದ್ದರೆ ನಾವು ಏಳುತ್ತೇವೆ. ಬೆಕ್ಕಿಗೆ ಅದೇ ತೆರೆದ ಬಾಗಿಲು.

ಅನುಮಾನವಿದ್ದರೆ ಮೊಬೈಲನ್ನು ರೆಕಾರ್ಡಿಂಗ್‌ಗೆ ಇಟ್ಟು ಅರ್ಧ ಗಂಟೆ ಹೊರಗಿರಬೇಕು. ಯಾರೂ ಇಲ್ಲದಾಗ ಮೇಜಿನ ತಂಟೆಗೇ ಹೋಗದಿದ್ದರೆ ಕಾರಣ ನಾವೇ.

ಆಮೇಲೆ ಒಂದು ವಾರ ಬರೆದಿಡುತ್ತೇನೆ: ಎಷ್ಟು ಹೊತ್ತಿಗೆ ಬೀಳಿಸಿತು, ಬಿದ್ದ ಕೂಡಲೇ ನಾನೇನು ಮಾಡಿದೆ. ನಮ್ಮ ನಾಲ್ಕು ವರ್ಷದ ಗಂಡು ಬೆಕ್ಕಿನ ಲೆಕ್ಕದಲ್ಲಿ ಹೆಚ್ಚಿನವು ಸಂಜೆ ಆರೂವರೆಯಿಂದ ಏಳರ ನಡುವೆ, ಊಟಕ್ಕೆ ಮುಂಚೆ ಬಂದವು. ಹಾಗಾಗಿ ಆರು ಗಂಟೆಗೇ ಗರಿ ಕಟ್ಟಿದ ಕೋಲಿನಲ್ಲಿ ಹತ್ತು ನಿಮಿಷ ಓಡಿಸಿ, ಕೊನೆಗೆ ಗರಿ ಹಿಡಿಯಲು ಬಿಟ್ಟು, ತಕ್ಷಣ ಊಟ ಹಾಕಿದೆ. ಬೀಳಿಸಿ ಕರೆಯುವ ಮೊದಲೇ ಬೇಕಾದದ್ದು ಸಿಕ್ಕಿತು.

ಮೇಜಿನ ಪಕ್ಕ ಒಂದು ಸ್ಟೂಲಿಟ್ಟು, ಅದರ ಮೇಲೆ ಸುಮ್ಮನೆ ಕೂತಾಗಲೆಲ್ಲ ಬಟಾಣಿ ಕಾಳಿನಷ್ಟು ಬೇಯಿಸಿದ ಕೋಳಿ ಮಾಂಸ ಕೊಟ್ಟೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು. ಗಮನ ಸೆಳೆಯಲು ಬೆಕ್ಕಿಗೆ ಬೇರೊಂದು ದಾರಿ ಕೊಡದೆ ಹಳೆಯದನ್ನು ಮುಚ್ಚಿದರೆ, ಅದು ಪರದೆಯನ್ನೋ ಸೋಫಾವನ್ನೋ ಹಿಡಿಯುತ್ತದೆ.

ಬೀಳಿಸಿದಾಗ ನೋಡಬಾರದು, ಮಾತಾಡಬಾರದು, ಬೆಕ್ಕು ಅಲ್ಲಿಂದ ಹೋಗುವವರೆಗೆ ಎತ್ತಿಡಲೂಬಾರದು. ಇದು ಸಾಧ್ಯವಾಗಬೇಕಾದರೆ ಗಾಜು, ಪಿಂಗಾಣಿ, ಮಾತ್ರೆ ಡಬ್ಬಿಗಳನ್ನು ಮೊದಲೇ ತೆಗೆದು ಸ್ಟೀಲ್ ಲೋಟ, ಪೆನ್ನು ಮಾತ್ರ ಬಿಟ್ಟಿರಬೇಕು. ತೆಗೆಯಲಾಗದ ಹೂದಾನಿಯ ಬುಡಕ್ಕೆ ಎರಡೂ ಬದಿ ಅಂಟುವ ಟೇಪ್ ಹಾಕಿದರಾಯಿತು.

ಹೆಚ್ಚಿನವರು ಸೋಲುವುದು ಮೊದಲ ಕೆಲವು ದಿನಗಳಲ್ಲಿ, ಏಕೆಂದರೆ ಆಗ ಕಾಟ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಒಂದು ಪೆನ್ನಿಗೆ ಏಳದವರು ಮೂರಕ್ಕೆ ಏಳಬಹುದೇ ಎಂದು ಬೆಕ್ಕು ನೋಡುತ್ತದೆ. ಐದನೆಯದಕ್ಕೆ ಗದರಿಸಿದರೆ ಐದು ಬೀಳಿಸಬೇಕು ಎಂದೇ ಕಲಿಯುತ್ತದೆ. ನೀರು ಚಿಮುಕಿಸುವವರೂ ಇದ್ದಾರೆ. ಅದು ಬೆಕ್ಕನ್ನು ಮನುಷ್ಯರಿಗೆ ಹೆದರಿಸುತ್ತದೆಯೇ ಹೊರತು, ಅದು ಕೇಳುತ್ತಿದ್ದ ಊಟವನ್ನೋ ಆಟವನ್ನೋ ಕೊಡುವುದಿಲ್ಲ.

ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ಈ ಚಾಳಿ ಹಿಡಿದು, ಹಸಿವು ಹೆಚ್ಚಿದ್ದರೂ ತೂಕ ಇಳಿಯುತ್ತಿದ್ದರೆ ಈ ಕ್ರಮಗಳನ್ನು ಬದಿಗಿಟ್ಟು ಪಶುವೈದ್ಯರಲ್ಲಿ ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಬೇಕು.