ಟಾಪ್-ಅಪ್ ಪಾಲಿಸಿ ತಗೊಳ್ಳುವ ಮುಂಚೆ ಈ ಲೆಕ್ಕ ಹಾಕಿ

ಟಾಪ್-ಅಪ್ ಅಂದರೆ ಆಸ್ಪತ್ರೆ ಬಿಲ್ ಒಂದು ಮಿತಿ ದಾಟಿದ ಮೇಲಷ್ಟೇ ಹಣ ಕೊಡುವ ಆರೋಗ್ಯ ವಿಮೆ; ಆ ಮಿತಿಯೇ ಡಿಡಕ್ಟಿಬಲ್. ಮೊದಲ ಸಲ ಇದನ್ನು ತಗೊಳ್ಳುವವರು ಪ್ರೀಮಿಯಂ, ಅಂದರೆ ನಾವು ಕಟ್ಟುವ ಕಂತು, ಎಷ್ಟು ಕಡಿಮೆ ಅಂತ ನೋಡುವ ಮುಂಚೆ ಡಿಡಕ್ಟಿಬಲ್ ಎಷ್ಟು, ಅದನ್ನು ಹೇಗೆ ಎಣಿಸುತ್ತಾರೆ ಅಂತ ನೋಡಿ. ಡಿಡಕ್ಟಿಬಲ್ ಅಂದರೆ ಬಿಲ್ಲಿನಲ್ಲಿ ಕಂಪನಿ ಕೊಡದ ಮೊದಲ ಪಾಲು. ಅದನ್ನು ನೀವೋ ನಿಮ್ಮ ಇನ್ನೊಂದು ಪಾಲಿಸಿಯೋ ಭರಿಸಬೇಕು. ಪ್ರೀಮಿಯಂ ಅಗ್ಗವಾಗುವುದೇ ಇದರಿಂದ. 5 ಲಕ್ಷ ಡಿಡಕ್ಟಿಬಲ್ ಇದೆ, ಒಂದೇ ವರ್ಷದಲ್ಲಿ ಬೇರೆ ಬೇರೆ ಕಾಯಿಲೆಗೆ 3 ಲಕ್ಷದ ಎರಡು ಬಿಲ್ ಬಂತು ಅಂತ ಇಟ್ಟುಕೊಳ್ಳಿ. ಸಾದಾ ಟಾಪ್-ಅಪ್ ಪ್ರತಿ ಬಿಲ್ಲನ್ನೂ ಬೇರೆಯಾಗಿ ನೋಡುವುದರಿಂದ ಒಂದು ರೂಪಾಯಿಯೂ ಸಿಗಲ್ಲ. ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನು ಕೂಡಿಸಿ ನೋಡುತ್ತದೆ, ಹಾಗಾಗಿ 1 ಲಕ್ಷ ಬರುತ್ತದೆ. ನನ್ನ ಪ್ರಕಾರ ಸೂಪರ್ ಟಾಪ್-ಅಪ್ಪೇ ವಾಸಿ. ಆದರೆ ಪಾಲಿಸಿಯಲ್ಲಿ ಕೋ-ಪೇ, ಅಂದರೆ ಕಂಪನಿ ಕೊಡಬೇಕಾದ ಹಣದಲ್ಲೂ ನೀವು ಭರಿಸುವ ಶೇಕಡಾವಾರು ಪಾಲು, ಇದ್ದರೆ ಈ ಲೆಕ್ಕ ತಪ್ಪುತ್ತದೆ: 10% ಕೋ-ಪೇ ಅಂದರೆ ಆ 1 ಲಕ್ಷದಲ್ಲೂ 10,000 ನಿಮ್ಮದೇ. ರೂಮ್ ಬಾಡಿಗೆಗೆ ಮಿತಿ ಇದ್ದು ನೀವು ದುಬಾರಿ ರೂಮ್ ತಗೊಂಡರೆ ಇನ್ನೂ ಕಡಿತವಾಗುತ್ತದೆ. ಪಾಲಿಸಿ ಕೈಗೆ ಬಂದ ಮೇಲೆ ಇದು ಗೊತ್ತಾದರೆ, 30 ದಿನದ ಫ್ರೀ-ಲುಕ್ ಅವಧಿಯೊಳಗೆ ವಾಪಸ್ ಮಾಡಬಹುದು.